8 ರೂಪಾಯಿಯ ಇನ್‌ಸ್ಟಾಲ್ ನಿಜಕ್ಕೂ ಅಗ್ಗವೇ?

ಪ್ರಶ್ನೆ: ತುಮಕೂರಿನಲ್ಲಿ ನಾವು ಮೂವರು ಗೆಳೆಯರು ಸೇರಿ ಕನ್ನಡದ ಮಾಕ್ ಟೆಸ್ಟ್ ಆ್ಯಪ್ ನಡೆಸುತ್ತಿದ್ದೇವೆ. ಕೆಪಿಎಸ್‌ಸಿ, ಪಿಡಿಒ ಪರೀಕ್ಷೆ ಬರೆಯುವವರೇ ನಮ್ಮ ಗಿರಾಕಿಗಳು. ವರ್ಷದ ಪ್ಯಾಕ್‌ಗೆ 799 ರೂ. ಗೂಗಲ್ ಆ್ಯಡ್ಸ್‌ನಲ್ಲಿ ಎರಡು ಕ್ಯಾಂಪೇನ್‌ಗೆ ತಲಾ 20,000 ರೂ. ಹಾಕಿ, ಒಂದೇ 10 ದಿನ ಓಡಿಸಿದೆವು. ಮೊದಲನೆಯದರಲ್ಲಿ ಇನ್‌ಸ್ಟಾಲ್ ಒಂದಕ್ಕೆ 8 ರೂ., ಎರಡನೆಯದರಲ್ಲಿ 25 ರೂ. ಬಿತ್ತು. ದುಬಾರಿಯದನ್ನು ನಿಲ್ಲಿಸಿಬಿಡೋಣವೇ?

ಉತ್ತರ: ಈಗಲೇ ಬೇಡ. ಯಾವುದಾದರೂ ಒಂದನ್ನು ನಿಲ್ಲಿಸಲೇಬೇಕೆಂದರೆ ಅದು 8 ರೂಪಾಯಿಯದೇ ಆಗುವ ಸಂಭವ ಹೆಚ್ಚು. ಅದನ್ನು ನಿಮ್ಮದೇ ಅಂಕಿಗಳಲ್ಲಿ ನೋಡಿ ತೀರ್ಮಾನಿಸಬೇಕು.

ಮೊದಲು ಅಳತೆ ಸರಿಯಿದೆಯೇ ನೋಡಿಕೊಳ್ಳಿ. ಫೈರ್‌ಬೇಸ್‌ನಲ್ಲಿ `first_open` ದಾಖಲಾಗುವುದು ಆ್ಯಪನ್ನು ಮೊದಲ ಸಲ ತೆರೆದಾಗ. ಅಳಿಸಿ ಮತ್ತೆ ಹಾಕಿಕೊಂಡವರೂ ಇದರಲ್ಲಿ ಹೊಸಬರಾಗಿಯೇ ಬರುತ್ತಾರೆ. ಹಣ ಪ್ಲೇ ಸ್ಟೋರ್ ಮೂಲಕ ಬರುತ್ತಿದ್ದರೆ ಪ್ಲೇ ಖಾತೆಯನ್ನು ಫೈರ್‌ಬೇಸ್‌ಗೆ ಜೋಡಿಸಿ. ಆಗ `in_app_purchase` ತಾನಾಗಿಯೇ ದಾಖಲಾಗುತ್ತದೆ. ಬೇರೆ ಪೇಮೆಂಟ್ ಗೇಟ್‌ವೇ ಮೂಲಕ ಬರುತ್ತಿದ್ದರೆ ಅದು ಬರುವುದಿಲ್ಲ, ನೀವೇ ಹೀಗೆ ಕಳುಹಿಸಬೇಕು:

```kotlin
Firebase.analytics.logEvent("purchase") {
    param("transaction_id", orderId)
    param("currency", "INR")
    param("value", 799.0)
}
```

ಇದನ್ನು ‘ಖರೀದಿಸಿ’ ಬಟನ್ ಒತ್ತಿದ ಕೂಡಲೇ ಕಳುಹಿಸಬಾರದು, ಹಣ ಬಂದದ್ದು ಖಾತ್ರಿಯಾದ ಮೇಲೆ ಕಳುಹಿಸಬೇಕು. ಇಲ್ಲದಿದ್ದರೆ ಅರ್ಧಕ್ಕೆ ನಿಂತ ಯುಪಿಐ ಪಾವತಿಗಳೆಲ್ಲ ಮಾರಾಟವಾಗಿ ಕೂರುತ್ತವೆ. `currency` ಬಿಟ್ಟುಹೋದರೆ ಖರೀದಿಯ ಎಣಿಕೆ ಬರುತ್ತದೆ, ಆದಾಯದ ಮೊತ್ತ ಬರುವುದಿಲ್ಲ. ಒಂದೇ ಖರೀದಿಗೆ ಎರಡೂ ಇವೆಂಟ್ ದಾಖಲಾಗುತ್ತಿದ್ದು, ಎರಡನ್ನೂ ಗೂಗಲ್ ಆ್ಯಡ್ಸ್‌ಗೆ ಎಳೆದುಕೊಂಡಿದ್ದರೆ ಅದು ಎರಡಾಗಿ ಕಾಣುತ್ತದೆ. ತಿಂಗಳ ಒಟ್ಟು ಖರೀದಿಯನ್ನು ಪ್ಲೇ ಕನ್ಸೋಲ್ ಅಥವಾ ಬ್ಯಾಂಕ್ ಲೆಕ್ಕದ ಜೊತೆ ಹೋಲಿಸಿದರೆ ಈ ತಪ್ಪು ಸಿಕ್ಕಿಬೀಳುತ್ತದೆ.

ಇನ್ನು ಉಳಿದವರ ಲೆಕ್ಕ. ಗೂಗಲ್ ಅನಾಲಿಟಿಕ್ಸ್‌ನ Explore ವಿಭಾಗದಲ್ಲಿ Cohort exploration ತೆರೆಯಿರಿ. ಗುಂಪನ್ನು ಮೊದಲು ಬಂದ ದಿನದ ಮೇಲೆ ಕಟ್ಟಿ, First user campaign ಪ್ರಕಾರ ಒಡೆಯಿರಿ. ಮರಳಿ ಬಂದವರನ್ನು ಗುರುತಿಸಲು Any event ಬಿಟ್ಟು `session_start` ಆರಿಸಿ. Any event ಇಟ್ಟರೆ ಫೋನಿಗೆ ನೋಟಿಫಿಕೇಶನ್ ಬಂದು ಬಿದ್ದದ್ದೂ ‘ಮರಳಿ ಬಂದರು’ ಎಂದಾಗುವ ಅಪಾಯವಿದೆ.

ಎರಡೂ ಕ್ಯಾಂಪೇನ್‌ನ ಅಂಕಿಗಳು ಹೀಗೆ ಬಂದವು ಎಂದಿಟ್ಟುಕೊಳ್ಳೋಣ. 8 ರೂಪಾಯಿಯದರಲ್ಲಿ 2,500 ಇನ್‌ಸ್ಟಾಲ್, ಮರುದಿನ ಬಂದವರು 250, ಏಳನೇ ದಿನಕ್ಕೆ 50, 30 ದಿನದೊಳಗೆ ಪ್ಯಾಕ್ ಕೊಂಡವರು 10. 25 ರೂಪಾಯಿಯದರಲ್ಲಿ 800 ಇನ್‌ಸ್ಟಾಲ್, ಮರುದಿನ 240, ಏಳನೇ ದಿನಕ್ಕೆ 96, ಕೊಂಡವರು 24. ಏಳನೇ ದಿನಕ್ಕೆ ಉಳಿದ ಒಬ್ಬರಿಗೆ ನೀವು ಕೊಟ್ಟದ್ದು ಮೊದಲನೆಯದರಲ್ಲಿ 400 ರೂ., ಎರಡನೆಯದರಲ್ಲಿ ಸುಮಾರು 208. ಕೊಂಡ ಒಬ್ಬರಿಗೆ 2,000 ಮತ್ತು 833. ‘ಅಗ್ಗ’ ಯಾವುದೆಂಬುದು ಇಲ್ಲಿ ತಿರುಗಿಬಿತ್ತು. ಆದರೆ ಕೊಂಡವರು 10 ಮತ್ತು 13 ಎಂದಿದ್ದರೆ ಅದನ್ನು ವ್ಯತ್ಯಾಸವೆಂದು ನಂಬಬೇಡಿ. ಅಷ್ಟು ಚಿಕ್ಕ ಸಂಖ್ಯೆಯಲ್ಲಿ ಅದೃಷ್ಟದ ಪಾಲೇ ಹೆಚ್ಚು.

ಮರುದಿನದ ಅಂಕಿ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅದೇ ಆ್ಯಪ್‌ಗೆ ಒಂದು ಕ್ಯಾಂಪೇನ್‌ನಿಂದ ಬಂದವರಲ್ಲಿ 30% ಮರಳಿ, ಇನ್ನೊಂದರವರಲ್ಲಿ 10% ಮಾತ್ರ ಮರಳಿದರೆ ದೋಷ ಜಾಹೀರಾತಿನಲ್ಲಿದೆ. ‘ಉಚಿತ’ ಎಂದು ದೊಡ್ಡದಾಗಿ ಬರೆದಿರಬಹುದು, ಪರೀಕ್ಷೆಯ ಹೆಸರೇ ಇಲ್ಲದೆ ಯಾರು ಯಾರನ್ನೋ ಎಳೆದು ತಂದಿರಬಹುದು. ಎರಡರಲ್ಲೂ 10% ಬಂದರೆ ಆ್ಯಪ್ ಒಳಗೆ ಹುಡುಕಿ. ಒಟಿಪಿ ಬಾರದಿರುವುದು, ಪ್ರಶ್ನೆ ಕಾಣುವ ಮೊದಲೇ ಹತ್ತೆಂಟು ವಿವರ ಕೇಳುವುದು, ಇವನ್ನು ಮೊದಲು ಅನುಮಾನಿಸಿ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಬಂದವರನ್ನು ಪರೀಕ್ಷೆ ಮುಗಿದ ಮೇಲೆ ಬಂದವರ ಜೊತೆ ಹೋಲಿಸಲು ಹೋಗಬೇಡಿ. ನಿಮ್ಮ ಎರಡೂ ಒಂದೇ ದಿನಗಳಲ್ಲಿ ಓಡಿದ್ದು ಒಳ್ಳೆಯದಾಯಿತು.

ಈಗ ಕಹಿ ಭಾಗ. 799ರಲ್ಲಿ 18% ಜಿಎಸ್‌ಟಿ ಸೇರಿದೆ, ಸ್ಟೋರ್ ಶುಲ್ಕ 15% ಎಂದು ಹಿಡಿದರೆ ನಿಮ್ಮ ಕೈಗೆ ಬರುವುದು ಸುಮಾರು 575 ರೂ. 24 ಜನರಿಂದ 13,800. ಖರ್ಚು 20,000. ಅಂದರೆ ಗೆದ್ದ ಕ್ಯಾಂಪೇನ್ ಕೂಡ 30 ದಿನಕ್ಕೆ ನಷ್ಟದಲ್ಲೇ ಇದೆ. ಒಂದು ಇನ್‌ಸ್ಟಾಲ್ ತಂದದ್ದು 17 ರೂ. 25 ಪೈಸೆ, ಹಾಗಾಗಿ 30 ದಿನದಲ್ಲಿ ಹಣ ವಾಪಸ್ ಬರಬೇಕೆಂದರೆ ನೀವು ಕೊಡಬಹುದಾದ ಮಿತಿಯೂ ಅಷ್ಟೇ. 8 ರೂಪಾಯಿಯದರ ಮಿತಿ 2 ರೂ. 30 ಪೈಸೆ. ಎರಡು ಕ್ಯಾಂಪೇನನ್ನು ಒಂದಕ್ಕೊಂದು ಹೋಲಿಸುತ್ತ ಕುಳಿತರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಬಜೆಟ್ ಏರಿಸುವ ಮುನ್ನ ಈ ಗುಣಾಕಾರ ಮಾಡಲೇಬೇಕು.

ಕೊನೆಯ ದಿನ ಬಂದವರಿಗೂ 30 ದಿನ ತುಂಬಲು ಕ್ಯಾಂಪೇನ್ ಶುರುವಾಗಿ 40 ದಿನ ಕಾಯಬೇಕು. ಇನ್ನೊಂದು ಎಚ್ಚರ: ಗೂಗಲ್ ಆ್ಯಡ್ಸ್ ಖರೀದಿಯನ್ನು ಜಾಹೀರಾತು ಒತ್ತಿದ ದಿನದ ಲೆಕ್ಕಕ್ಕೆ ಬರೆಯುತ್ತದೆ, ಹಣ ಕೊಟ್ಟ ದಿನಕ್ಕಲ್ಲ. ಅದಕ್ಕೇ ಇತ್ತೀಚಿನ ದಿನಗಳು ಯಾವಾಗಲೂ ಸೊರಗಿದಂತೆ ಕಾಣುತ್ತವೆ. ಅದನ್ನು ನೋಡಿ ಗಾಬರಿಯಾಗಿ ಕ್ಯಾಂಪೇನ್ ನಿಲ್ಲಿಸುವವರು ಬಹಳ.

ಹಾಗಾದರೆ ಗೂಗಲ್‌ಗೆ ‘ಇನ್‌ಸ್ಟಾಲ್ ಬೇಡ, ಖರೀದಿದಾರರನ್ನು ತಾ’ ಎಂದು ಹೇಳಬಹುದಲ್ಲ? ಹೇಳಬಹುದು. ಆದರೆ ಆರಿಸಿದ ಕ್ರಿಯೆ ದಿನಕ್ಕೆ ಕನಿಷ್ಠ 10 ಸಲವಾದರೂ ನಡೆಯುತ್ತಿರಬೇಕು ಎಂಬುದು ಗೂಗಲ್‌ನದೇ ಸಲಹೆ. ನಿಮ್ಮ 24 ಖರೀದಿ ಅದಕ್ಕೆ ಸಾಲದು. ಹಾಗಾಗಿ ಖರೀದಿಗೆ ಮುಂಚೆ ನಡೆಯುವ, ಖರೀದಿಯ ಸುಳಿವು ಕೊಡುವ ಒಂದು ಕ್ರಿಯೆ ಹುಡುಕಬೇಕು. ಮೊದಲ ಮೂರು ದಿನದಲ್ಲಿ ಒಂದು ಪೂರ್ತಿ ಮಾಕ್ ಟೆಸ್ಟ್ ಮುಗಿಸಿದವರನ್ನು ನೋಡಿ. 800ರಲ್ಲಿ ಅಂಥವರು 160, ಕೊಂಡ 24ರಲ್ಲಿ 19 ಜನ ಇವರೇ ಎಂದಾದರೆ ಮುಗಿಸಿದವರಲ್ಲಿ ಸುಮಾರು 12% ಕೊಂಡಂತಾಯಿತು, ಮುಗಿಸದ 640ರಲ್ಲಿ 1%ಕ್ಕೂ ಕಡಿಮೆ. ಇಷ್ಟು ಅಂತರವಿದ್ದರೆ ಅದು ಒಳ್ಳೆಯ ಸುಳಿವು. ‘ನೋಂದಣಿ ಆಯಿತು’ ಎಂಬುದನ್ನು ಆರಿಸಿದರೆ ಈ ಅಂತರ ಸಾಮಾನ್ಯವಾಗಿ ಕರಗಿಹೋಗುತ್ತದೆ, ಏಕೆಂದರೆ ಕುತೂಹಲಕ್ಕೆ ಬಂದವರೂ ನೋಂದಣಿ ಮಾಡಿಕೊಳ್ಳುತ್ತಾರೆ.

ಮಾಕ್ ಟೆಸ್ಟ್ ಮುಗಿಸಿದ್ದನ್ನು `mock_test_complete` ಎಂಬ ಇವೆಂಟ್ ಮಾಡಿ, ಗೂಗಲ್ ಆ್ಯಡ್ಸ್‌ಗೆ ಜೋಡಿಸಿ, ಕ್ಯಾಂಪೇನ್‌ನ ಗುರಿಯನ್ನು ಇನ್-ಆ್ಯಪ್ ಕ್ರಿಯೆಗೆ ಬದಲಿಸಿ. ಎಣಿಕೆಯಲ್ಲಿ One ಇಡಿ. ಒಬ್ಬನೇ ಇಪ್ಪತ್ತು ಟೆಸ್ಟ್ ಬರೆದರೆ ಇಪ್ಪತ್ತು ಜನ ಸಿಕ್ಕಂತಲ್ಲ. ಈಗ ಮುಗಿಸಿದ ಒಬ್ಬರಿಗೆ ಬೀಳುತ್ತಿರುವುದು 125 ರೂ., ಗುರಿಯ ಬೆಲೆಯನ್ನು ಅಲ್ಲಿಂದಲೇ ಶುರು ಮಾಡಿ. ದಿನದ ಬಜೆಟ್ ಇದರ ಹತ್ತು ಪಟ್ಟಾದರೂ ಇರಲಿ ಎನ್ನುತ್ತದೆ ಗೂಗಲ್. ಅದು 1,250, ನಿಮ್ಮ 2,000 ಸಾಕು. ಮುಗಿಸಿದ 160 ಜನರ ಲೆಕ್ಕಕ್ಕೆ 13,800 ಹಂಚಿದರೆ ತಲಾ 86 ರೂ. ಬರುತ್ತದೆ. ತಲುಪಬೇಕಾದ ಬೆಲೆ ಅದೇ. ಒಂದೇ ಏಟಿಗೆ 86ಕ್ಕೆ ಇಳಿಸಿದರೆ ಜಾಹೀರಾತು ಕಾಣುವುದೇ ನಿಂತುಹೋಗಬಹುದು. ವಾರಕ್ಕೊಮ್ಮೆ ಹತ್ತು ಹದಿನೈದು ರೂಪಾಯಿ ಇಳಿಸುತ್ತ ಬನ್ನಿ, ಪ್ರತಿ ಸಲವೂ ಮುಗಿಸಿದವರಲ್ಲಿ ಎಷ್ಟು ಜನ ಕೊಳ್ಳುತ್ತಿದ್ದಾರೆ ಎಂಬುದನ್ನು ಮತ್ತೆ ಎಣಿಸಿ. ಬೆಲೆ ಇಳಿದು ಆ 12% ಕೂಡ 5%ಕ್ಕೆ ಬಿದ್ದರೆ, ಟೆಸ್ಟನ್ನು ಸುಮ್ಮನೆ ಒತ್ತಿ ಮುಗಿಸುವವರು ಬರುತ್ತಿದ್ದಾರೆ. ಆಗ ಎಲ್ಲ ಪ್ರಶ್ನೆಗೂ ಉತ್ತರಿಸಿದವರಿಗೆ ಮಾತ್ರ ಇವೆಂಟ್ ಹೋಗುವಂತೆ ನಿಯಮ ಬಿಗಿ ಮಾಡಿ.