ಬ್ಯಾಂಕ್ ಮುರಿದುಕೊಂಡ ಶುಲ್ಕ ಮತ್ತು ಮೇಷ್ಟ್ರ ಪತ್ರ

ಪ್ರಶ್ನೆ: ಕನಿಷ್ಠ ಮೊತ್ತ ಇರಲಿಲ್ಲವೆಂದು ನನ್ನ ಉಳಿತಾಯ ಖಾತೆಯಿಂದ ಬ್ಯಾಂಕಿನವರು ತಿಂಗಳು ತಿಂಗಳೂ ಹಣ ಮುರಿದುಕೊಳ್ಳುತ್ತಿದ್ದಾರೆ. ಕೇಳಿದರೆ "ಕಂಪ್ಯೂಟರ್ ತಾನಾಗಿಯೇ ಕಟ್ ಮಾಡುತ್ತದೆ, ನಮ್ಮ ಕೈಯಲ್ಲಿಲ್ಲ" ಎನ್ನುತ್ತಾರೆ. ಪತ್ರ ಬರೆದರೆ ಪ್ರಯೋಜನವಾದೀತೇ? ಏನೆಂದು ಬರೆಯಬೇಕು?

ಉತ್ತರ: ನಾನು ಬ್ಯಾಂಕೊಂದರ ಪ್ರಾದೇಶಿಕ ಕಚೇರಿಯಲ್ಲಿ ಗ್ರಾಹಕರ ದೂರುಗಳನ್ನು ನೋಡಿಕೊಳ್ಳುತ್ತಿದ್ದಾಗ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರಿಂದ ಬಂದ ಒಂದೇ ಪುಟದ ಪತ್ರ ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರವಾಗಬಲ್ಲದು.

ಅವರ ಪಿಂಚಣಿ ಬೇರೆ ಬ್ಯಾಂಕಿಗೆ ಬರುತ್ತಿತ್ತು. ನಮ್ಮಲ್ಲಿದ್ದುದು ತೆಂಗಿನಕಾಯಿ ಮಾರಿದ ಹಣ ಹಾಕಲು ಊರಿನ ಶಾಖೆಯಲ್ಲಿ ತೆರೆದಿದ್ದ ಉಳಿತಾಯ ಖಾತೆ. ಗ್ರಾಮೀಣ ಶಾಖೆಯಾದ್ದರಿಂದ ಅಲ್ಲಿ ತಿಂಗಳ ಸರಾಸರಿ 1,000 ರೂಪಾಯಿ ಇದ್ದರೆ ಸಾಕಿತ್ತು. ಆ ಶಾಖೆಯನ್ನು ಪಟ್ಟಣದ ಶಾಖೆಯೊಂದಿಗೆ ವಿಲೀನಗೊಳಿಸಿದಾಗ ಕಂಪ್ಯೂಟರ್ ಅವರ ಖಾತೆಗೂ ಪಟ್ಟಣದ 3,000 ರೂಪಾಯಿಯ ಮಿತಿಯನ್ನು ಅನ್ವಯಿಸಿತು. ಏಪ್ರಿಲ್‌ಗೆ 59, ಮೇ ತಿಂಗಳಿಗೆ 118, ಜೂನ್‌ಗೆ 59, ಹೀಗೆ ಜಿಎಸ್‌ಟಿ ಸೇರಿ 236 ರೂಪಾಯಿ ಕಡಿತವಾಗಿತ್ತು.

ಶಾಖೆಯಲ್ಲಿ ಅವರಿಗೂ ನಿಮಗೆ ಸಿಕ್ಕ ಉತ್ತರವೇ ಸಿಕ್ಕಿತು. ಅವರು ವಾದಕ್ಕಿಳಿಯದೆ ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿಕೊಂಡು ಮನೆಗೆ ಬಂದು, ಪ್ರತಿದಿನದ ಅಂತ್ಯದಲ್ಲಿ ಖಾತೆಯಲ್ಲಿ ಉಳಿದಿದ್ದ ಹಣವನ್ನು ಬರೆದು ಕೂಡಿದರು. ಸರಾಸರಿ ಎಂದರೆ ತಿಂಗಳಲ್ಲಿ ಇದ್ದ ಅತಿ ಕಡಿಮೆ ಮೊತ್ತವಲ್ಲ. ದಿನದಿನದ ಮೊತ್ತಗಳನ್ನು ಕೂಡಿ ದಿನಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವುದು. ಏಪ್ರಿಲ್‌ನಲ್ಲಿ ಹತ್ತು ದಿನ 500, ಇಪ್ಪತ್ತು ದಿನ 3,500 ರೂಪಾಯಿ ಇದ್ದುದರಿಂದ ಒಟ್ಟು 75,000ವನ್ನು ಮೂವತ್ತರಿಂದ ಭಾಗಿಸಿದರೆ ಸರಾಸರಿ 2,500 ಬರುತ್ತದೆ. ಜೂನ್‌ನ ಸರಾಸರಿ 1,800. ಹಳೆಯ ಮಿತಿಯಂತೆ ಈ ಎರಡು ತಿಂಗಳಲ್ಲಿ ತಪ್ಪೇ ಆಗಿರಲಿಲ್ಲ.

ಮೇ ತಿಂಗಳ ಸರಾಸರಿ ಮಾತ್ರ 900 ಇತ್ತು, ಅಂದರೆ ಹಳೆಯ ಮಿತಿಗೂ 100 ರೂಪಾಯಿ ಕಡಿಮೆ. ಮೇಷ್ಟ್ರು ಇದನ್ನು ಮುಚ್ಚಿಡಲಿಲ್ಲ. ಕೊರತೆ ಅರ್ಧಕ್ಕಿಂತ ಕಡಿಮೆಯಿದ್ದರೆ 59 ರೂಪಾಯಿ ಎಂದು ಬ್ಯಾಂಕಿನ ಶುಲ್ಕಪಟ್ಟಿಯೇ ಹೇಳುವುದರಿಂದ, ಆ ತಿಂಗಳ ಶುಲ್ಕ ಸರಿಯೆಂದು ಬ್ಯಾಂಕ್ ತೋರಿಸಿಕೊಟ್ಟರೂ ಉಳಿದ 177 ರೂಪಾಯಿಯನ್ನು ಹಿಂದಿರುಗಿಸಲೇಬೇಕಾಗುತ್ತದೆ ಎಂದು ತಾವಾಗಿಯೇ ಬರೆದಿದ್ದರು. ದೂರುಗಳ ಕಂತೆಯಲ್ಲಿ ಇಂಥ ವಾಕ್ಯ ಅಪರೂಪ. ತನಗೆ ವಿರುದ್ಧವಾದ ಲೆಕ್ಕವನ್ನೂ ಕೊಟ್ಟವರ ಉಳಿದ ಲೆಕ್ಕವನ್ನು ಅನುಮಾನಿಸಲು ಅಧಿಕಾರಿಗೆ ಕಾರಣ ಸಿಗುವುದಿಲ್ಲ.

ಆದರೂ ಪೂರ್ತಿ 236 ರೂಪಾಯಿಯನ್ನು ಅವರು ಕೇಳಿದ್ದಕ್ಕೆ ಆಧಾರವಿತ್ತು. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಸೂಚನೆಯಂತೆ, ಕನಿಷ್ಠ ಮೊತ್ತ ಕಡಿಮೆಯಾದಾಗ ಬ್ಯಾಂಕ್ ಮೊದಲು ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ಗ್ರಾಹಕರಿಗೆ ತಿಳಿಸಬೇಕು. ಒಂದು ತಿಂಗಳೊಳಗೆ ಸರಿಪಡಿಸದಿದ್ದರೆ ಮಾತ್ರ ದಂಡ ಹಾಕಬಹುದು. ದಂಡವು ಕೊರತೆಯ ಪ್ರಮಾಣಕ್ಕೆ ತಕ್ಕಂತಿರಬೇಕು, ದಂಡದಿಂದಾಗಿಯೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಬಾರದು. ಹೀಗಾಗಿ ಪತ್ರದಲ್ಲಿ ಎರಡೇ ಪ್ರಶ್ನೆಗಳಿದ್ದವು: ಮಿತಿ 3,000ಕ್ಕೆ ಏರಿದ್ದನ್ನು ನನಗೆ ಯಾವ ದಿನ, ಹೇಗೆ ತಿಳಿಸಿದಿರಿ? ದಂಡಕ್ಕೆ ಮುಂಚಿನ ಒಂದು ತಿಂಗಳ ಸೂಚನೆಯನ್ನು ಯಾವ ದಿನ, ಯಾವ ಮೊಬೈಲ್ ಸಂಖ್ಯೆಗೆ ಕಳುಹಿಸಿದಿರಿ? ಅನ್ಯಾಯ, ಹಗಲುದರೋಡೆ ಎಂಬ ಮಾತುಗಳು ಎಲ್ಲಿಯೂ ಇರಲಿಲ್ಲ.

ಪತ್ರವನ್ನು ಶಾಖೆಗೆ ಕೊಡುವಾಗ ನಕಲು ಪ್ರತಿಯ ಮೇಲೆ ದಿನಾಂಕಸಹಿತ ಮೊಹರು ಹಾಕಿಸಿಕೊಂಡಿದ್ದರು. ಅಲ್ಲಿಂದ ಉತ್ತರ ಬಾರದಿದ್ದಾಗ ಅದೇ ಪತ್ರವನ್ನು, ಮೊಹರಿದ್ದ ಪ್ರತಿಯ ಮತ್ತು ಪಾಸ್‌ಬುಕ್ ಪುಟಗಳ ಜೆರಾಕ್ಸ್ ಸಮೇತ, ಸ್ಪೀಡ್ ಪೋಸ್ಟ್‌ನಲ್ಲಿ ನಮ್ಮ ಕಚೇರಿಗೆ ಕಳುಹಿಸಿದರು. ನಾವು ದಾಖಲೆ ಹುಡುಕಿಸಿದೆವು. ಎರಡು ಸೂಚನೆಗಳಲ್ಲಿ ಒಂದನ್ನೂ ಕಳುಹಿಸಿದ ಕುರುಹು ಇರಲಿಲ್ಲ. ಜಿಎಸ್‌ಟಿ ಸೇರಿ 236 ರೂಪಾಯಿ ಅವರ ಖಾತೆಗೆ ಮರಳಿತು.

ನಿಮ್ಮ ಪತ್ರವನ್ನೂ ಇದೇ ಕ್ರಮದಲ್ಲಿ ಬರೆಯಿರಿ. ಆದರೆ ಅದಕ್ಕೆ ಮೊದಲು ಬ್ಯಾಂಕಿನಲ್ಲಿರುವ ನಿಮ್ಮ ಮೊಬೈಲ್ ಸಂಖ್ಯೆ ಮತ್ತು ವಿಳಾಸ ಈಗಿನವೇ ಎಂದು ನೋಡಿಕೊಳ್ಳಿ. ನೀವು ಬದಲಾಯಿಸದೆ ಬಿಟ್ಟ ಹಳೆಯ ಸಂಖ್ಯೆಗೆ ಸೂಚನೆ ಹೋಗಿದ್ದರೆ ನಿಮ್ಮ ವಾದ ಬಹಳ ಸಡಿಲವಾಗುತ್ತದೆ. ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತಾರದಿದ್ದರೆ, ತಡಮಾಡದೆ cms.rbi.org.in ಜಾಲತಾಣದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ಬ್ಯಾಂಕಿಗೆ ಮೊದಲೇ ಬರೆದಿದ್ದಿರಿ ಎಂಬುದಕ್ಕೆ ಅಲ್ಲಿ ಆ ಮೊಹರಿನ ಪ್ರತಿಯೇ ಪುರಾವೆಯಾಗುತ್ತದೆ.