ಪಲ್ಲವಿಯ ಕೊನೆಗೆ ‘ಗೂಡಿಗೆ’ ಇರಲಾ, ‘ಸೂರಿಗೆ’ ಮಾಡಲಾ?

ಪ್ರಶ್ನೆ: ಆಲಮಟ್ಟಿ ಹಿನ್ನೀರಿನಲ್ಲಿ ನಮ್ಮ ಅಜ್ಜಿಯ ಊರು ಮುಳುಗಿತು. ಅದರ ಮೇಲೆ ಒಂದು ದುಃಖದ ಕಥನಗೀತೆ ಬರೆಯುತ್ತಿದ್ದೇನೆ. ಪಲ್ಲವಿ ಹೀಗಿದೆ:

ಹೊಳಿ ಬಂತು ತಾಯಿ ನಮ್ಮೂರಿಗೆ
ಕಿವಿಯಿಲ್ಲ ತಾಯಿ ನಮ್ ದೂರಿಗೆ
ಮರ ಮುಳುಗಿ ಹೋತು, ಹಕ್ಕಿ ಹಾರಿ
ಬರಲಿಲ್ಲ ಹೊಳ್ಳಿ ತನ್ ಗೂಡಿಗೆ

ಕೊನೆಗೆ ಪ್ರಾಸ ತಪ್ಪಿದೆ, ‘ಸೂರಿಗೆ’ ಮಾಡು ಅಂತಾರೆ ಗೆಳೆಯರು. ನನಗೆ ‘ಗೂಡಿಗೆ’ ಬಿಡಲು ಮನಸ್ಸಿಲ್ಲ. ಏನು ಮಾಡಲಿ?
— ಒಬ್ಬ ಓದುಗರು, ಬೀಳಗಿ

ಉತ್ತರ: ‘ಗೂಡಿಗೆ’ ಇರಲಿ. ಅದು ಪ್ರಾಸ ತಪ್ಪಿದ್ದಲ್ಲ, ಅರೆಪ್ರಾಸ. ಹಾಡುವಾಗ ಅದು ಕಿವಿಗೆ ಯಾಕೆ ಒಗ್ಗುತ್ತದೆ ಅಂತ ಹೇಳುತ್ತೇನೆ.

‘ಊರಿಗೆ’, ‘ದೂರಿಗೆ’ ಎರಡರಲ್ಲೂ ‘ಊ’ ಸ್ವರದಿಂದ ಕೊನೆಯವರೆಗೆ ಎಲ್ಲವೂ ಒಂದೇ. ಅದು ಪೂರ್ಣ ಪ್ರಾಸ. ‘ಗೂಡಿಗೆ’ಯಲ್ಲಿ ‘ಊ’ ಉಳಿದಿದೆ, ‘ಇಗೆ’ ಉಳಿದಿದೆ, ನಡುವಿನ ‘ರ’ ಮಾತ್ರ ‘ಡ’ ಆಗಿದೆ. ಹಾಡುವಾಗ ನೀವು ಎಳೆಯುವುದು ಸ್ವರವನ್ನು, ವ್ಯಂಜನವನ್ನಲ್ಲ. ‘ಗೂ…’ ಅಂತ ಎಳೆಯುವಷ್ಟು ಹೊತ್ತೂ ಕೇಳುವವರ ಕಿವಿಯಲ್ಲಿ ‘ಊರಿಗೆ’ಯ ನೆನಪೇ ಇರುತ್ತದೆ. ಆಮೇಲೆ ‘ರಿ’ ಬರಬೇಕಾದಲ್ಲಿ ‘ಡಿ’ ಬರುತ್ತದೆ. ಊರು ಅಂತ ಬಂದರೆ ಊರಿಲ್ಲ. ನಿಮ್ಮ ಹಾಡಿನ ಕಥೆಯೇ ಅದು, ಅಲ್ವಾ?

ಇಲ್ಲೇ ‘ನೀರಿಗೆ’ ಅಂತ ಬರೆದಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಬರಹದಲ್ಲಿ ‘ರಿಗೆ’ ಪೂರಾ ಹೊಂದುತ್ತದೆ. ಆದರೆ ದುಂಡಗಿದ್ದ ಬಾಯಿ ‘ಈ’ಗೆ ಅಗಲವಾಗುತ್ತದೆ, ಎಳೆಯುವ ಸ್ವರವೇ ಬೇರೆಯಾಗುತ್ತದೆ. ನಿಧಾನದ ಹಾಡಿನಲ್ಲಿ ಅದು ಜಾಸ್ತಿ ದೂರ ಹೋದ ಹಾಗೆ ಕೇಳುತ್ತದೆ. ಅರೆಪ್ರಾಸ ಮಾಡುವಾಗ ಸ್ವರ ಉಳಿಸಿಕೊಳ್ಳಿ, ವ್ಯಂಜನ ಸರಿಸಿ. ‘ರ’ ಇದ್ದಲ್ಲಿ ‘ಡ’, ‘ಳ’, ‘ಲ’ ಮೆತ್ತಗೆ ಕೂರುತ್ತವೆ: ಗೂಡಿಗೆ, ಧೂಳಿಗೆ, ಕೂಲಿಗೆ. ‘ಟ’, ‘ಕ’ ಬಂದರೆ ಉಸಿರು ಕಡಿದ ಹಾಗಾಗುತ್ತದೆ. ನಮ್ಮ ಹಳೆಯ ಛಂದಸ್ಸಿನವರು ಸಾಲಿನ ಆರಂಭದ ಪ್ರಾಸದಲ್ಲಿ ಹತ್ತಿರದ ಅಕ್ಷರಗಳನ್ನು ಒಪ್ಪಿಕೊಂಡು ಅದನ್ನು ಸಮೀಪಪ್ರಾಸ ಅಂತ ಕರೆದಿದ್ದರು. ಈ ದಾರಿ ಹೊರಗಿನಿಂದ ಬಂದದ್ದಲ್ಲ.

ಇನ್ನು ‘ಸೂರಿಗೆ’. ನಿಮ್ಮ ಹಕ್ಕಿಯ ಮನೆ ಮರದ ಮೇಲಿತ್ತು. ಮರ ಮುಳುಗಿದ ಮರುಸಾಲಿನಲ್ಲೇ ಸೂರು ಎಲ್ಲಿಂದ ಬಂತು? ಪ್ರಾಸಕ್ಕಾಗಿ ತಂದದ್ದು ಅಂತ ಕೇಳುವವರಿಗೆ ಗೊತ್ತಾಗಿಬಿಡುತ್ತದೆ. ಕನ್ನಡದಲ್ಲಿ ‘ಇಗೆ’, ‘ಅಲ್ಲಿ’, ‘ಆಳು’ ಅಂತ ಪ್ರತ್ಯಯ ಸೇರಿಸಿದರೆ ಸಾಲಿನ ಕೊನೆ ಸುಮ್ನೆ ಹೊಂದಿಬಿಡುತ್ತದೆ. ಅದಕ್ಕೇ ಮೂರನೆಯ ಸಲ ಅದೇ ಪ್ರಾಸ ಬಂದಾಗ ಅದು ಬರುವ ಮೊದಲೇ ಊಹೆಗೆ ಸಿಗುತ್ತದೆ. ಹಾಡು ಗೊತ್ತಿಲ್ಲದ ಒಬ್ಬರಿಗೆ ‘ತನ್’ವರೆಗೆ ಹಾಡಿ ನಿಲ್ಲಿಸಿ, ಮುಂದಿನ ಪದ ಅವರೇ ಹೇಳಲಿ. ‘ಊರಿಗೆ’ ಅಂದರೆ ಅವರ ಕಿವಿ ಪೂರ್ಣ ಪ್ರಾಸಕ್ಕೆ ಕಾಯುತ್ತಿದೆ ಅಂತ ಅರ್ಥ. ಆ ಕಾಯುವಿಕೆ ಇದ್ದರೇ ‘ಗೂಡಿಗೆ’ ನಾಟುತ್ತದೆ. ಅದಕ್ಕಾಗಿ ಮೊದಲ ಎರಡು ಸಾಲಿನ ಪೂರ್ಣ ಪ್ರಾಸ ಮುಟ್ಟಬೇಡಿ. ಅಲ್ಲಿ ಊರಿನವರ ದೂರು ಇದೆ, ಅದು ಗಟ್ಟಿಯಾಗಿಯೇ ಮುಗಿಯಬೇಕು.

ಗೆಳೆಯರು ‘ಏನೋ ತಪ್ಪಿದೆ’ ಅಂದಾಗ ಮಾತ್ರೆಯನ್ನೂ ಎಣಿಸಿ ನೋಡಿ. ಎಷ್ಟೋ ಸಲ ತಪ್ಪಿರುವುದು ಅದೇ. ನಿಮ್ಮ ನಾಲ್ಕೂ ಸಾಲು 14 ಮಾತ್ರೆ. ‘ಊರಿಗೆ’, ‘ದೂರಿಗೆ’, ‘ಗೂಡಿಗೆ’ ಎಲ್ಲ 4. ‘ಮನಿಗೆ’ ಅಂತ ಹಾಕಿದ್ದರೆ 3 ಆಗಿ ಹಾಡು ಎಡವುತ್ತಿತ್ತು. ಇಲ್ಲಿ ಎಡವಿಲ್ಲ.

ಒಂದು ತೊಂದರೆ ಮಾತ್ರ ಬಂದೇ ಬರುತ್ತದೆ. ಹಿಮ್ಮೇಳದವರು ರೂಢಿಯ ಮೇಲೆ ಕೊನೆಯ ಸಾಲಿಗೂ ‘ಊರಿಗೆ’ ಅಂದುಬಿಡುತ್ತಾರೆ. ನನ್ನ ಒಂದು ಹಾಡಿನಲ್ಲಿ ಹೀಗೇ ಆಗಿ, ಅರ್ಧ ಜನ ಒಂದು ಪದ, ಅರ್ಧ ಜನ ಇನ್ನೊಂದು ಪದ ಹಾಡಿದರು. ಕೇಳುವವರಿಗೆ ಎರಡೂ ತಿಳಿಯಲಿಲ್ಲ. ಆಮೇಲಿಂದ ಮೊದಲ ಸಲ ಕೊನೆಯ ಸಾಲನ್ನು ಒಬ್ಬರೇ ಹಾಡುವ ಹಾಗೆ ಮಾಡಿದೆ. ‘ಗೂ’ ಮೇಲೆ ಸ್ವರ ಸ್ವಲ್ಪ ಇಳಿಸಿ, ಎಳೆದು, ‘ಡಿಗೆ’ಯನ್ನು ಮೆಲ್ಲಗೆ ಬಿಡಿ. ಹಿಮ್ಮೇಳ ಎರಡನೆಯ ಸಲದಿಂದ ಸೇರಲಿ. ಪಲ್ಲವಿ ಬಂದಾಗೆಲ್ಲ ಅದೇ ಜಾಗದಲ್ಲಿ ಅದೇ ಪದ ಬರಬೇಕು. ಒಂದೇ ಸಲ ಬಂದು ಹೋದರೆ ಜನ ಅದನ್ನು ತಪ್ಪು ಅಂತಲೇ ತಿಳಿಯುತ್ತಾರೆ. ನುಡಿಗಳಲ್ಲಿ ಅರೆಪ್ರಾಸ ತುಂಬಬೇಡಿ, ಪಲ್ಲವಿಯದು ಕಾಣದೇ ಹೋಗುತ್ತದೆ.

ಇದನ್ನೇ ದಪ್ಪು, ತುಂತುಣಿ ಹಿಡಿದು ಗೀಗೀ ಪದದ ಜೋರಿನಲ್ಲಿ ಹಾಡುತ್ತೀರಾದರೆ ನನ್ನ ಮಾತು ಬದಲಾಗುತ್ತದೆ. ಆ ವೇಗದಲ್ಲಿ ‘ಊ’ ಎಳೆಯಲು ಜಾಗವೇ ಇಲ್ಲ, ‘ಡಿ’ ಮಾತ್ರ ಬಡಿಯುತ್ತದೆ. ಆಗ ಪೂರ್ಣ ಪ್ರಾಸವೇ ಸರಿ. ಆದರೂ ‘ಸೂರಿಗೆ’ ಬೇಕಾದರೆ ಮೂರನೆಯ ಸಾಲಿನ ‘ಮರ’ ತೆಗೆದು ‘ಮನಿ’ ಮಾಡಿ, ‘ಹಕ್ಕಿ’ ತೆಗೆದು ‘ಗುಬ್ಬಿ’ ಮಾಡಿ. ಮಾತ್ರೆ ಕೆಡುವುದಿಲ್ಲ, ಸೂರಿನಲ್ಲಿ ಗೂಡು ಕಟ್ಟುವ ಹಕ್ಕಿಯೂ ಅದೇ.