ನೂಲಿನ ಫೋಟೊದಲ್ಲಿ ಜಿಪ್ಪಿನ ಹಲ್ಲು

"ಸಂಪಾದಕರಿಗೆ ನಮಸ್ಕಾರ. ಶಿಡ್ಲಘಟ್ಟದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಘಟಕ. ರಾಟೆಯ ಮೇಲೆ ಸುತ್ತಿದ ನೂಲಿನ ಫೋಟೊ ತೆಗೆದೆ. ರಾ ಫೈಲನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಕಬ್ಬಿಣದ ಕಂಬಿಯ ಅಂಚಿನಲ್ಲಿ ಜಿಪ್ಪಿನ ಹಾಗೆ ಹಲ್ಲು. ನೂಲು ಒತ್ತಾಗಿರುವ ಕಡೆ ದಾರಿ ಹುಡುಕುವ ಆಟದ ಚಿತ್ರದ ಹಾಗೆ ಅಡ್ಡಾದಿಡ್ಡಿ ಗೆರೆ. ಕ್ಯಾಮೆರಾ ಕೊಟ್ಟ ಜೆಪೆಗ್‌ನಲ್ಲಿ ಇಷ್ಟು ಕಾಣಲ್ಲ. ಲೆನ್ಸ್ ಹಾಳಾಗಿದೆಯಾ ಸರ್?"
– ಓದುಗರು, ಶಿಡ್ಲಘಟ್ಟ

ಇಲ್ಲ ಸರ್, ಲೆನ್ಸಿಗೆ ಏನೂ ಆಗಿಲ್ಲ. ರಿಪೇರಿಗೆ ಕೊಡಬೇಡಿ. ನೀವು ಹೇಳಿದ ಎರಡೂ ಗುರುತುಗಳು ಹುಟ್ಟುವುದು ಡಿಮೊಸೈಸಿಂಗ್ ಎಂಬ ಲೆಕ್ಕದಲ್ಲಿ.

ಸೆನ್ಸರಿಗೆ ಬೆಳಕು ಎಷ್ಟು ಬಿತ್ತು ಅಂತ ಮಾತ್ರ ಗೊತ್ತು, ಯಾವ ಬಣ್ಣದ್ದು ಅಂತ ಗೊತ್ತಿಲ್ಲ. ಅದಕ್ಕೇ ಪ್ರತಿ ಪಿಕ್ಸೆಲ್ ಮೇಲೂ ಒಂದು ಬಣ್ಣದ ಫಿಲ್ಟರ್ ಕೂರಿಸಿರುತ್ತಾರೆ. ಒಂದು ಸಾಲಿನಲ್ಲಿ ಕೆಂಪು, ಹಸಿರು, ಕೆಂಪು, ಹಸಿರು. ಅದರ ಕೆಳಗಿನ ಸಾಲಿನಲ್ಲಿ ಹಸಿರು, ನೀಲಿ, ಹಸಿರು, ನೀಲಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಹಾಗಾಗಿ ಇದಕ್ಕೆ ಬೇಯರ್ ವಿನ್ಯಾಸ ಎಂದೇ ಹೆಸರು. ನಿಮ್ಮದು 24 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದುಕೊಳ್ಳಿ. ಅದರಲ್ಲಿ ಹಸಿರು ಅಳೆಯುವವು 12 ದಶಲಕ್ಷ. ಕೆಂಪಿಗೆ 6, ನೀಲಿಗೆ 6. ಆದರೆ ಫೋಟೊದ ಪ್ರತಿ ಪಿಕ್ಸೆಲ್‌ಗೂ ಮೂರೂ ಬಣ್ಣದ ಸಂಖ್ಯೆ ಬೇಕಲ್ವಾ? ಒಂದನ್ನು ಮಾತ್ರ ಅಳೆದಿರುತ್ತದೆ, ಉಳಿದ ಎರಡನ್ನು ಅಕ್ಕಪಕ್ಕ ನೋಡಿ ಊಹಿಸಬೇಕು. ಹೀಗೆ ಊಹಿಸುವ ಲೆಕ್ಕವೇ ಡಿಮೊಸೈಸಿಂಗ್. ಅಂದರೆ ನೀವು ನೋಡುತ್ತಿರುವ ಫೋಟೊದಲ್ಲಿ ಮೂರರಲ್ಲಿ ಎರಡು ಪಾಲು ಊಹೆ.

ನಿಮ್ಮ ಕಂಬಿಯ ಅಂಚನ್ನೇ ಲೆಕ್ಕ ಹಾಕಿ ನೋಡೋಣ. ಕಂಬಿ ನೆಟ್ಟಗೆ ನಿಂತಿದೆ, ಪಕ್ಕದಲ್ಲಿ ಬಿಳಿ ನೂಲು. ಸುಲಭವಾಗಲಿ ಅಂತ ಎರಡರಲ್ಲೂ ಬಣ್ಣವೇ ಇಲ್ಲ ಎಂದುಕೊಳ್ಳೋಣ. ಎಡಕ್ಕಿರುವ ಮೊದಲ ಮೂರು ಕಂಬಸಾಲು ಕತ್ತಲು, ಬೆಲೆ 40. ನಾಲ್ಕನೆಯದರಿಂದ ಆಚೆಗೆ ಬೆಳಕು, ಬೆಲೆ 200. ಮೂರನೇ ಕಂಬಸಾಲಿನಲ್ಲಿ ಒಂದು ಕೆಂಪು ಪಿಕ್ಸೆಲ್ ಇದೆ. ಅದಕ್ಕೆ ಹಸಿರು ಬೇಕು. ಸರಳ ವಿಧಾನವು ಸುತ್ತಲಿನ ನಾಲ್ಕು ಹಸಿರುಗಳ ಸರಾಸರಿ ತೆಗೆಯುತ್ತದೆ. ಮೇಲೆ 40, ಕೆಳಗೆ 40, ಎಡಕ್ಕೆ 40, ಬಲಕ್ಕೆ 200. ಒಟ್ಟು 320, ನಾಲ್ಕರಿಂದ ಭಾಗಿಸಿದರೆ 80. ಸರಿಯಾದ ಉತ್ತರ 40 ಆಗಿತ್ತು. ಅದೇ ಕಂಬಸಾಲಿನ ಕೆಳಗಿನ ಪಿಕ್ಸೆಲ್ ಹಸಿರಿನದೇ. ಅಲ್ಲಿ ಊಹೆ ಇಲ್ಲ, ಅಳೆದದ್ದೇ 40. ಅದರ ಕೆಳಗೆ ಮತ್ತೆ 80, ಮತ್ತೆ 40. ಪಕ್ಕದ ನಾಲ್ಕನೇ ಕಂಬಸಾಲಿನಲ್ಲಿ ಇದೇ ರೀತಿ 200, 160, 200, 160. ನಿಮಗೆ ಕಂಡ ಜಿಪ್ಪಿನ ಹಲ್ಲು ಇದೇ. ಕೆಂಪು, ನೀಲಿಯನ್ನೂ ಹೀಗೇ ತುಂಬಿದರೆ ಮೂರನೇ ಕಂಬಸಾಲಿನ ಆ ಕೆಂಪು ಪಿಕ್ಸೆಲ್‌ಗೆ ಕೆಂಪು 40, ಹಸಿರು 80, ನೀಲಿ 120 ಬರುತ್ತದೆ. ಬೂದು ಬಣ್ಣ ಇರಬೇಕಾದ ಕಡೆ ನೀಲಿ ಛಾಯೆ. ಜಿಪ್ಪಿನ ಜೊತೆಗೆ ಅಂಚಿಗೆ ಬಣ್ಣ ಹತ್ತುವುದೂ ಇದರಿಂದಲೇ.

ಇಲ್ಲಿ ಆದ ತಪ್ಪು ಅಂಚನ್ನು ದಾಟಿ ಆಚೆಯ 200ನ್ನು ಲೆಕ್ಕಕ್ಕೆ ಸೇರಿಸಿದ್ದು. ಹಾಗಾಗಿ ಜಾಣ ವಿಧಾನಗಳು ಮೊದಲು ದಿಕ್ಕು ನೋಡುತ್ತವೆ. ಎಡ ಬಲದ ವ್ಯತ್ಯಾಸ 160, ಮೇಲೆ ಕೆಳಗಿನ ವ್ಯತ್ಯಾಸ ಸೊನ್ನೆ. ಹಾಗಿದ್ದರೆ ಅಂಚು ನೆಟ್ಟಗಿದೆ, ಮೇಲೆ ಕೆಳಗಿನದನ್ನು ಮಾತ್ರ ತಗೋ. ಉತ್ತರ 40, ಹಲ್ಲು ಮಾಯ. ಈಗಿನ ಹೆಚ್ಚಿನ ಒಳ್ಳೆ ವಿಧಾನಗಳ ಬುಡ ಇದೇ ಉಪಾಯ. ಓರೆ ಅಂಚು ಬಂದಾಗ ಅಡ್ಡ, ಉದ್ದ ಎರಡೂ ಪೂರ್ತಿ ಹೊಂದುವುದಿಲ್ಲ. ಆಗ ಅಲ್ಲಲ್ಲಿ ಸ್ವಲ್ಪ ಹಲ್ಲು ಉಳಿಯುತ್ತದೆ. ಅದರ ಮೇಲೆ ಶಾರ್ಪನಿಂಗ್ ಜಾಸ್ತಿ ಕೊಟ್ಟರೆ ಎದ್ದು ಕಾಣುತ್ತದೆ.

ಈಗ ಒತ್ತಾದ ನೂಲಿನ ಜಾಗಕ್ಕೆ ಬನ್ನಿ. ನನಗೆ ತುಂಬಾ ಕುತೂಹಲ ಹುಟ್ಟಿಸುವುದು ಈ ಭಾಗ. ಒಂದು ಎಳೆ ಒಂದು ಪಿಕ್ಸೆಲ್ ಅಗಲ, ಪಕ್ಕದ ಸಂದು ಒಂದು ಪಿಕ್ಸೆಲ್ ಎಂದಿಟ್ಟುಕೊಳ್ಳಿ. ಬೆಸ ಸಂಖ್ಯೆಯ ಕಂಬಸಾಲುಗಳೆಲ್ಲ 40, ಸಮ ಸಂಖ್ಯೆಯವೆಲ್ಲ 200. ಎಳೆಗಳು ನೆಟ್ಟಗಿವೆ. ಆದರೆ ಹಸಿರು ಪಿಕ್ಸೆಲ್‌ಗಳು ಚದುರಂಗದ ಮನೆಗಳಂತೆ ಒಂದು ಬಿಟ್ಟು ಒಂದು ಇವೆ. ಮೊದಲ ಸಾಲಿನ ಹಸಿರುಗಳೆಲ್ಲ ಸಮ ಕಂಬಸಾಲಿನಲ್ಲಿ ಬೀಳುತ್ತವೆ, ಎಲ್ಲವೂ 200. ಎರಡನೇ ಸಾಲಿನ ಹಸಿರುಗಳೆಲ್ಲ ಬೆಸ ಕಂಬಸಾಲಿನಲ್ಲಿ, ಎಲ್ಲವೂ 40. ಹಸಿರನ್ನಷ್ಟೇ ನೋಡಿದರೆ ಅದು ನೆಟ್ಟಗಿನ ಎಳೆಯೂ ಆಗಿರಬಹುದು, ಅಡ್ಡ ಮಲಗಿದ ಎಳೆಯೂ ಆಗಿರಬಹುದು!

ಮತ್ತೆ ಅದೇ ಕೆಂಪು ಪಿಕ್ಸೆಲ್. ಎಡಕ್ಕೂ ಬಲಕ್ಕೂ 200, ವ್ಯತ್ಯಾಸ ಸೊನ್ನೆ. ಮೇಲೂ ಕೆಳಗೂ 40, ಅಲ್ಲಿಯೂ ಸೊನ್ನೆ. ದಿಕ್ಕು ನೋಡುವ ಲೆಕ್ಕಕ್ಕೆ ಎರಡೂ ಒಂದೇ. ಮೇಲೆ ಕೆಳಗೆ ಆರಿಸಿದರೆ 40 ಬಂದು ಎಳೆ ನೆಟ್ಟಗೇ ಉಳಿಯುತ್ತದೆ. ಎಡ ಬಲ ಆರಿಸಿದರೆ 200 ಬಂದು ಎಳೆ ಅಡ್ಡ ತಿರುಗುತ್ತದೆ. ತೀರ್ಮಾನ ಮಾಡುವುದು ಸೆನ್ಸರಿನ ಸಣ್ಣ ನಾಯ್ಸ್. ಒಂದು ಪಿಕ್ಸೆಲ್ ಹೀಗೆ, ಪಕ್ಕದ್ದು ಹಾಗೆ. ಅಡ್ಡ ತುಂಡು, ಉದ್ದ ತುಂಡು ಬೆರೆತು ನೀವು ಹೇಳಿದ ಗೋಜಲು ದಾರಿ ಮೂಡುತ್ತದೆ. ಲೆನ್ಸ್ ಸ್ವಲ್ಪ ಮಸುಕು ಮಾಡುವುದರಿಂದ ನಿಜವಾದ ಫೋಟೊದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಸಮ ಆಗುವುದಿಲ್ಲ. ಆದರೂ ಎಳೆಯ ಅಂತರ ಎರಡು ಪಿಕ್ಸೆಲ್‌ಗೆ ಹತ್ತಿರ ಬಂದಷ್ಟೂ ಗೊಂದಲ ಜಾಸ್ತಿ.

ಗೋಜಲಿಗೆ ಇನ್ನೊಂದು ಕಾರಣವೂ ಇದೆ. ಕೆಲವು ಸೆನ್ಸರುಗಳಲ್ಲಿ ಕೆಂಪಿನ ಸಾಲಿನ ಹಸಿರು ಮತ್ತು ನೀಲಿಯ ಸಾಲಿನ ಹಸಿರು ಒಂದೇ ಬೆಳಕಿಗೆ ಸ್ವಲ್ಪ ಬೇರೆ ಬೇರೆ ಸಂಖ್ಯೆ ಕೊಡುತ್ತವೆ. ಪಕ್ಕದ ಪಿಕ್ಸೆಲ್‌ನ ಬೆಳಕು ಸೋರಿ ಬರುವುದು ಇದಕ್ಕೆ ಒಂದು ಕಾರಣ. ಆಗ ಎಳೆಯೇ ಇಲ್ಲದ ಬೋಳು ಗೋಡೆ, ಆಕಾಶದಲ್ಲೂ ಗೋಜಲು ಕಾಣುತ್ತದೆ. ನಿಮ್ಮಲ್ಲಿ ನೂಲು ಒತ್ತಾದ ಕಡೆ ಮಾತ್ರ ಇದ್ದರೆ ಮೊದಲನೇ ಕಾರಣ. ಹಿಂದಿನ ಗೋಡೆಯ ಮೇಲೂ ಇದ್ದರೆ ಎರಡನೆಯದು.

ಲೆನ್ಸಿನ ದೋಷ ಅಲ್ಲ ಅಂತ ನಿಮಗೇ ಖಾತ್ರಿ ಆಗಬೇಕಾದರೆ ಒಂದೇ ರಾ ಫೈಲನ್ನು ಎರಡು ವಿಧಾನದಲ್ಲಿ ತೆರೆದು ನೋಡಿ. `dcraw` ಎಂಬ ಹಳೆಯ ಉಚಿತ ಪ್ರೋಗ್ರಾಂ ನಿಮ್ಮ ಕ್ಯಾಮೆರಾದ ಫೈಲನ್ನು ಓದುವುದಾದರೆ ಹೀಗೆ ಮಾಡಬಹುದು:

```
dcraw -c -q 0 -T reshme.nef > a.tif
dcraw -c -q 3 -T reshme.nef > b.tif
```

`-q 0` ಮೇಲೆ ಹೇಳಿದ ಸರಾಸರಿ ವಿಧಾನ. `-q 3` ದಿಕ್ಕು ನೋಡುವ ವಿಧಾನ. ಕಂಬಿಯ ಹಲ್ಲು ಮೊದಲನೆಯದರಲ್ಲಿ ಜೋರಾಗಿ, ಎರಡನೆಯದರಲ್ಲಿ ಬೇರೆ ರೀತಿ ಕಾಣುತ್ತದೆ. ಲೆನ್ಸಿನ ದೋಷ ಆಗಿದ್ದರೆ ಎರಡರಲ್ಲೂ ಒಂದೇ ಆಗಿರಬೇಕಿತ್ತು. ಜೆಪೆಗ್‌ನಲ್ಲಿ ಕಡಿಮೆ ಕಾಣಲು ಕಾರಣವೂ ಇದೇ ಕಥೆ. ಕ್ಯಾಮೆರಾ ಒಳಗೆ ತನ್ನದೇ ಲೆಕ್ಕ ಮಾಡಿ, ಸ್ವಲ್ಪ ಸವರಿ, ನಂತರ ಕೊಡುತ್ತದೆ.

ದಿನನಿತ್ಯಕ್ಕೆ `RawTherapee` ಎಂಬ ಉಚಿತ ಪ್ರೋಗ್ರಾಂ ಸಾಕು. ಅದರಲ್ಲಿ ಡಿಮೊಸೈಸಿಂಗ್ ವಿಧಾನವನ್ನು ನೀವೇ ಆರಿಸಬಹುದು. ಕಂಬಿಯ ಅಂಚಿಗೆ `AMaZE` ಎಂಬ ವಿಧಾನ ಚೆನ್ನಾಗಿದೆ. ನೂಲಿನಲ್ಲಿ ಗೋಜಲು ಬಂದರೆ `LMMSE` ಅಥವಾ `VNG4` ಹಾಕಿ ನೋಡಿ. `VNG4`ನಲ್ಲಿ ಸೂಕ್ಷ್ಮ ವಿವರ ಸ್ವಲ್ಪ ಹೋಗುತ್ತದೆ, ಆದರೆ ಕಣ್ಣಿಗೆ ಹಿತ. ಬೋಳು ಗೋಡೆಯ ಮೇಲಿನ ಗೋಜಲಿಗೆ `Green equilibration` ಎಂಬ ಗುಂಡಿಯನ್ನು ಸ್ವಲ್ಪವೇ ಏರಿಸಿ. ಜಾಸ್ತಿ ಏರಿಸಿದರೆ ನೂಲಿನ ವಿವರವನ್ನೂ ಅದು ತಿಂದುಬಿಡುತ್ತದೆ.

ಇಷ್ಟಾದರೂ ಎರಡು ಪಿಕ್ಸೆಲ್ ಅಂತರದ ನೂಲನ್ನು ಯಾವ ವಿಧಾನವೂ ನಂಬಿಕೆಯಿಂದ ಮರಳಿ ತರಲಾರದು. ಮುಂದಿನ ಸಲ ರಾಟೆಗೆ ಹತ್ತಿರ ಹೋಗಿ. ಒಂದು ಎಳೆ ಮತ್ತು ಅದರ ಸಂದು ಸೇರಿ ಕನಿಷ್ಠ ನಾಲ್ಕು ಪಿಕ್ಸೆಲ್ ಆಗುವಂತೆ ನೋಡಿಕೊಳ್ಳಿ. ಹತ್ತಿರ ಹೋಗಲು ಆಗದಿದ್ದರೆ ಎಫ್/16 ಇಟ್ಟು ತೆಗೆಯಿರಿ. ಆಗ ಬೆಳಕು ಹರಡಿ ನೂಲು ತುಸು ಮಸುಕಾಗುತ್ತದೆ, ಗೋಜಲು ಕಡಿಮೆಯಾಗುತ್ತದೆ.

– ಸಂಪಾದಕ